ಬಿಸಿಲಲ್ಲಿ ನಿಂತ ಕಾರು, ಅದರೊಳಗಿನ ನೀರಿನ ಬಾಟಲಿ: ಭಯ ಎಷ್ಟು ನಿಜ?

ಬೇಸಿಗೆ ಶುರುವಾದರೆ ಸಾಕು, ಮೊಬೈಲಿನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಕಾರಿನಲ್ಲಿ ಬಿಸಿಯಾದ ಬಾಟಲಿ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ, ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ವಿಷ ನೀರಿಗೆ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಇಪ್ಪತ್ತು ವರ್ಷಕ್ಕೂ ಹಳೆಯ ಸಂದೇಶ ಇದು. ಮೊದಲು ಇಮೇಲಿನಲ್ಲಿ ಬರುತ್ತಿತ್ತು, ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಈಚಿನ ಕೆಲವು ಸುದ್ದಿಗಳು ಈ ಭಯಕ್ಕೆ ಇನ್ನಷ್ಟು ಬಲ ಕೊಟ್ಟಿವೆ. 2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳು ಸಿಕ್ಕವು ಎಂದರು. ಅದೇ ವರ್ಷದ ಕೊನೆಯಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಬಾಟಲಿ ನೀರನ್ನು 'ಹೆಚ್ಚು ಅಪಾಯದ ಆಹಾರ'ದ ಪಟ್ಟಿಗೆ ಸೇರಿಸಿತು. 2025ರ ಫೆಬ್ರುವರಿ ಕೊನೆಯಲ್ಲಿ, ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ಕರ್ನಾಟಕ ಸರ್ಕಾರ ನಿಲ್ಲಿಸಿತು. ಅದಾದ ಮೇಲೆ ರಾಜ್ಯದಲ್ಲಿ ಪರೀಕ್ಷೆಯಾದ 255 ಬಾಟಲಿ ನೀರಿನ ಮಾದರಿಗಳಲ್ಲಿ 95 ಅಸುರಕ್ಷಿತ, 88 ಕಳಪೆ ಎಂಬ ವರದಿ ಬಂತು.

ಇವೆಲ್ಲ ಒಂದೇ ವಿಷಯ ಅಂತ ಓದುಗರಿಗೆ ಅನಿಸುವುದು ಸಹಜ. ಆದರೆ ಅಲ್ಲ. ತುಂಬುವಾಗಲೇ ನೀರು ಕೆಟ್ಟಿತ್ತಾ ಎಂಬುದು ಒಂದು ಪ್ರಶ್ನೆ. ತುಂಬಿದ ಮೇಲೆ ಬಾಟಲಿಯಿಂದ ನೀರಿಗೆ ಏನಾದರೂ ಇಳಿಯಿತಾ ಎಂಬುದು ಇನ್ನೊಂದು. ತೆರೆದು ಕುಡಿದ ಮೇಲೆ ಬಾಟಲಿಯೊಳಗೆ ಏನಾದರೂ ಬೆಳೆಯಿತಾ ಎಂಬುದು ಮೂರನೆಯದು. ಕಾರಿನಲ್ಲಿ ಬಿಟ್ಟ ನೀರಿನ ವಿಷಯಕ್ಕೆ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು ಬೇಕು. ಇಲ್ಲಿ ಅವೆರಡನ್ನೇ ನೋಡೋಣ.

ಡಯಾಕ್ಸಿನ್ ಯಾಕೆ ಬರುವುದಿಲ್ಲ

ಮೊದಲು ಆ ಹಳೆಯ ಸಂದೇಶ. ಅಂಗಡಿಯಲ್ಲಿ ಸಿಗುವ ತೆಳುವಾದ ನೀರಿನ ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್ಕಿನದು. ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ. ಈ ಪ್ಲಾಸ್ಟಿಕ್ಕಿನ ಅಣುವಿನಲ್ಲಿ ಇರುವುದು ಇಂಗಾಲ, ಜಲಜನಕ ಮತ್ತು ಆಮ್ಲಜನಕ ಮಾತ್ರ. ಸಂದೇಶ ಹೇಳುವ ಡಯಾಕ್ಸಿನ್ ಹುಟ್ಟಬೇಕಾದರೆ ಕ್ಲೋರಿನ್ ಬೇಕು, ಜೊತೆಗೆ ಕಸ ಸುಡುವಂಥ ನೂರಾರು ಡಿಗ್ರಿ ಬಿಸಿ ಬೇಕು. ಪೆಟ್‌ನಲ್ಲಿ ಕ್ಲೋರಿನ್ ಇಲ್ಲ. ಕಾರಿನೊಳಗೆ ಅಂಥ ಬಿಸಿಯೂ ಇಲ್ಲ. ಹಾಗಾಗಿ ಅಲ್ಲಿ ಡಯಾಕ್ಸಿನ್ ಹುಟ್ಟುವುದಿಲ್ಲ.

ಇನ್ನೊಂದು ಹೆಸರು ಬಿಪಿಎ, ಅಂದರೆ ಬಿಸ್ಫಿನಾಲ್-ಎ. ಇದು ನಿಜಕ್ಕೂ ಚಿಂತೆ ಮಾಡಬೇಕಾದ ವಸ್ತು. ಆದರೆ ಪೆಟ್ ತಯಾರಿಸಲು ಬಿಪಿಎ ಬೇಕಾಗಿಲ್ಲ. ಅದು ಬೇಕಾಗುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ. ಆ ಪ್ಲಾಸ್ಟಿಕ್ಕಿನ ವಿಷಯ ಕ್ಯಾನ್ ನೀರಿನ ಜೊತೆ ಬರುತ್ತದೆ, ಮುಂದೆ ನೋಡೋಣ.

ಹಾಗಾದರೆ ಪೆಟ್ ಬಾಟಲಿಯಿಂದ ಏನೂ ಇಳಿಯುವುದಿಲ್ಲವಾ? ಇಳಿಯುತ್ತದೆ. ಅದರ ಹೆಸರು ಆಂಟಿಮನಿ.

ಬಾಟಲಿಯೊಳಗೆ ಲೋಹ ಎಲ್ಲಿಂದ ಬಂತು

ಪೆಟ್ ತಯಾರಿಸುವಾಗ ಸಣ್ಣ ಸಣ್ಣ ಅಣುಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಳ್ಳಬೇಕು. ಈ ಕೆಲಸ ಬೇಗ ಆಗಲಿ ಎಂದು ಹೆಚ್ಚಿನ ಕಾರ್ಖಾನೆಗಳಲ್ಲಿ ಆಂಟಿಮನಿ ಎಂಬ ಲೋಹದ ಆಕ್ಸೈಡನ್ನು ಸೇರಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಹೊರಗೆ ತೆಗೆಯುವುದಿಲ್ಲ. ಪ್ಲಾಸ್ಟಿಕ್ಕಿನೊಳಗೇ ಉಳಿದುಬಿಡುತ್ತದೆ. ಒಂದು ಕಿಲೋ ಪೆಟ್‌ನಲ್ಲಿ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಆಂಟಿಮನಿ ಇರುತ್ತದೆ.

ಒಂದು ಲೀಟರಿನ ಬಾಟಲಿ ಸುಮಾರು 20 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಅದರಲ್ಲಿ ಸುಮಾರು 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ ಆಂಟಿಮನಿ ಇರುತ್ತದೆ. ನಮ್ಮ ದೇಶದ ಮಾನಕದ ಪ್ರಕಾರ ಒಂದು ಲೀಟರ್ ಬಾಟಲಿ ನೀರಿನಲ್ಲಿ ಇರಬಹುದಾದದ್ದು ಹೆಚ್ಚೆಂದರೆ 5 ಮೈಕ್ರೋಗ್ರಾಂ. ಅಮೆರಿಕದ ಮಿತಿ 6. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 20. ಅಂದರೆ ಬಾಟಲಿಯ ಗೋಡೆಯಲ್ಲಿರುವ ಆಂಟಿಮನಿಯಲ್ಲಿ ಸಾವಿರಕ್ಕೆ ಒಂದು ಪಾಲು ನೀರಿಗೆ ಬಂದರೂ ನಮ್ಮ ಮಿತಿ ಮುಟ್ಟಿದಂತೆ.

ಆ ಒಂದು ಪಾಲು ಕೂಡ ಸುಲಭಕ್ಕೆ ಯಾಕೆ ಬರುವುದಿಲ್ಲ? ಸಾಮಾನ್ಯ ಬಿಸಿಯಲ್ಲಿ ಪ್ಲಾಸ್ಟಿಕ್ಕಿನ ಸರಪಳಿಗಳು ಬಿಗಿಯಾಗಿ ಒತ್ತಿಕೊಂಡಿರುತ್ತವೆ. ನಡುವೆ ಸಿಕ್ಕಿಕೊಂಡ ಆಂಟಿಮನಿಗೆ ಜರುಗಲು ಜಾಗ ಇಲ್ಲ. ನೀರಿಗೆ ತಾಗಿದ ಒಳಮೈಯಿಂದ ಮಾತ್ರ ಚೂರುಪಾರು ಬಿಡುತ್ತದೆ. ಚಳಿಗಾಲದ ತುಪ್ಪವನ್ನು ನೆನಪಿಸಿಕೊಳ್ಳಿ. ಹೆಪ್ಪುಗಟ್ಟಿದ ತುಪ್ಪದಲ್ಲಿ ಸಿಕ್ಕ ಏಲಕ್ಕಿ ಕಾಳು ಇದ್ದಲ್ಲೇ ಇರುತ್ತದೆ, ಡಬ್ಬಿಯನ್ನು ಒಲೆಯ ಪಕ್ಕ ಇಟ್ಟರೆ ಅದು ಜಾರುತ್ತದೆ. ಪೆಟ್‌ನ ಸರಪಳಿಗಳು ಚೆನ್ನಾಗಿ ಸಡಿಲವಾಗುವುದು ಸುಮಾರು 70ರಿಂದ 80 ಡಿಗ್ರಿಯ ನಡುವೆ. ತುಂಬಾ ಬಿಸಿ ನೀರು ಹಾಕಿದ ಬಾಟಲಿ ಮುದುಡಿ ಕುಗ್ಗುವುದನ್ನು ನೋಡಿರುತ್ತೀರಿ, ಅಲ್ವಾ? ಆ ಮುದುಡುವಿಕೆಯೇ ಸರಪಳಿ ಸಡಿಲವಾದ ಗುರುತು.

ಹಾಗಾಗಿ ಬಾಟಲಿ ಬಿಸಿಯಾಯಿತಾ ಎಂದು ಕೇಳಿದರೆ ಸಾಲದು. ಎಷ್ಟು ಡಿಗ್ರಿ, ಎಷ್ಟು ಗಂಟೆ ಎಂದು ಎರಡನ್ನೂ ಸೇರಿಸಿ ಕೇಳಬೇಕು.

ಅರಿಜೋನಾದ ಅಳತೆ

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು 2008ರಲ್ಲಿ ಪ್ರಕಟವಾದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಯನ. ಅರಿಜೋನಾ ಅಮೆರಿಕದ ಮರುಭೂಮಿ ರಾಜ್ಯ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ನಮ್ಮ ಕಲಬುರಗಿ, ರಾಯಚೂರಿನ ಹಾಗೆಯೇ. ಜನ ಬಾಟಲಿ ನೀರನ್ನೂ ಜಾಸ್ತಿ ಕುಡಿಯುತ್ತಾರೆ. ವಿಜ್ಞಾನಿಗಳು ಅಲ್ಲಿನ ಅಂಗಡಿಗಳಿಂದ ಒಂಬತ್ತು ಬಗೆಯ ಬಾಟಲಿ ನೀರು ತಂದು ಅಳೆದರು.

ತಂದ ದಿನ ಒಂದು ಲೀಟರಿನಲ್ಲಿ ಸರಾಸರಿ 0.2 ಮೈಕ್ರೋಗ್ರಾಂನಷ್ಟು ಆಂಟಿಮನಿ ಇತ್ತು. 22 ಡಿಗ್ರಿಯ ಕೋಣೆಯಲ್ಲಿ ಮೂರು ತಿಂಗಳು ಇಟ್ಟ ಮೇಲೂ ಅದು ಹೆಚ್ಚೇನೂ ಬದಲಾಗಲಿಲ್ಲ. ತಣ್ಣಗಿನ ಕೋಣೆಯಲ್ಲಿ ಸೀಲ್ ಒಡೆಯದ ಬಾಟಲಿಗಳನ್ನು ವಾರಗಟ್ಟಲೆ ಇಟ್ಟವರಿಗೆ ಉತ್ತರ ಇಲ್ಲೇ ಸಿಕ್ಕಿತು. ಆಂಟಿಮನಿಯ ಲೆಕ್ಕದಲ್ಲಿ ಅದರಿಂದ ತೊಂದರೆ ಇಲ್ಲ.

ಬಿಸಿಯಲ್ಲಿ ಕಥೆ ಬೇರೆ. ಅಮೆರಿಕದ ಮಿತಿಯಾದ 6 ಮೈಕ್ರೋಗ್ರಾಂ ದಾಟಲು ಬಾಟಲಿ ಎಷ್ಟು ದಿನ ಒಂದೇ ಸಮನೆ ಬಿಸಿಯಲ್ಲಿ ಇರಬೇಕು ಎಂದು ಅವರು ಲೆಕ್ಕ ಹಾಕಿದರು. 60 ಡಿಗ್ರಿಯಲ್ಲಾದರೆ 176 ದಿನ. 65 ಡಿಗ್ರಿಯಲ್ಲಿ 38 ದಿನ. 70ರಲ್ಲಿ 12 ದಿನ. 80ರಲ್ಲಿ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 60ರಿಂದ 65ಕ್ಕೆ ಏರಿದ್ದು ಬರೀ ಐದು ಡಿಗ್ರಿ, ಆದರೆ ಕಾಲ ನಾಲ್ಕು ಪಟ್ಟಿಗಿಂತ ಜಾಸ್ತಿ ಕುಗ್ಗಿತು. ಬಿಸಿ ಇಮ್ಮಡಿಯಾದರೆ ಅಪಾಯ ಇಮ್ಮಡಿ ಎಂಬ ಸಾದಾ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಹಂತದವರೆಗೆ ಏನೂ ಆಗಿಲ್ಲ ಅನ್ನುವಂತಿರುತ್ತದೆ, ಆಮೇಲೆ ಒಮ್ಮೆಲೇ ಓಡುತ್ತದೆ.

ಕಲಬುರಗಿಯ ಒಂದು ಕಾರು: ಲೆಕ್ಕ ಹಾಕೋಣ

ಮೇ ತಿಂಗಳು, ಹೊರಗೆ 42 ಡಿಗ್ರಿ. ನೆರಳಿಲ್ಲದ ಜಾಗದಲ್ಲಿ ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಕಾರು ನಿಂತಿದೆ. ಒಳಗೆ ಮೂರು ಕಡೆ ನೀರಿದೆ: ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಾಟಲಿ, ಸೀಟಿನ ಕೆಳಗೆ ಇನ್ನೊಂದು, ಡಿಕ್ಕಿಯಲ್ಲಿ ಒಂದು ಕೇಸ್.

ಕಾರಿನೊಳಗೆ ಎಷ್ಟು ಬಿಸಿ ಇರುತ್ತದೆ ಎಂಬುದಕ್ಕೂ ಅರಿಜೋನಾದ ಟೆಂಪಿ ಎಂಬ ಊರಿನ ಅಳತೆ ಇದೆ. 38 ಡಿಗ್ರಿ ದಾಟಿದ ದಿನಗಳಲ್ಲಿ ಕಾರುಗಳನ್ನು ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ನೋಡಿದರು. ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಆಗಿತ್ತು. ಸೀಟು ಸುಮಾರು 51. ಡ್ಯಾಶ್‌ಬೋರ್ಡು ಸುಮಾರು 69! ನೆರಳಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡು 48 ಮಾತ್ರ. ಒಂದೇ ಕಾರಿನೊಳಗೆ ಒಂದೊಂದು ಜಾಗದ ಬಿಸಿ ಒಂದೊಂದು ಥರ ಇರುತ್ತದೆ ಎಂಬುದನ್ನು ಗಮನಿಸಿ. ಬಾಟಲಿ ಕಾರಿನಲ್ಲಿತ್ತು ಅಂದರೆ ಏನೂ ಹೇಳಿದಂತೆ ಆಗುವುದಿಲ್ಲ. ಕಾರಿನಲ್ಲಿ ಎಲ್ಲಿತ್ತು ಎಂಬುದು ಮುಖ್ಯ.

ಈಗ ಡ್ಯಾಶ್‌ಬೋರ್ಡಿನ ಬಾಟಲಿ. ಡ್ಯಾಶ್‌ಬೋರ್ಡಿನ ಮೇಲ್ಮೈ 69 ಡಿಗ್ರಿ ಇದ್ದರೂ ಒಳಗಿನ ನೀರು ಅಷ್ಟು ಬೇಗ ಅಷ್ಟು ಬಿಸಿಯಾಗುವುದಿಲ್ಲ, ನೀರು ಕಾಯಲು ಹೊತ್ತು ಬೇಕು. ಆದರೂ ಕೆಟ್ಟದ್ದನ್ನೇ ಊಹಿಸೋಣ. ನೀರು ಮತ್ತು ಬಾಟಲಿ ಎರಡೂ ದಿನಕ್ಕೆ ನಾಲ್ಕು ಗಂಟೆ ಪೂರ್ತಿ 65 ಡಿಗ್ರಿಯಲ್ಲೇ ಇದ್ದವು ಅಂದುಕೊಳ್ಳಿ. 38 ದಿನ ಅಂದರೆ 912 ಗಂಟೆ. ದಿನಕ್ಕೆ ನಾಲ್ಕು ಗಂಟೆಯಂತೆ 912 ಗಂಟೆ ತುಂಬಲು 228 ದಿನ ಬೇಕು. ಇದು ಒರಟು ಲೆಕ್ಕ, ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸ ಇರುತ್ತದೆ. ನಮ್ಮ ಮಿತಿ ಅಮೆರಿಕದ್ದಕ್ಕಿಂತ ಒಂದು ಕಡಿಮೆ, ಹಾಗಾಗಿ ದಿನಗಳೂ ಸ್ವಲ್ಪ ಕಡಿಮೆಯಾಗುತ್ತವೆ. ಆದರೂ ಒಂದು ಮಧ್ಯಾಹ್ನಕ್ಕೂ ಏಳು ತಿಂಗಳಿಗೂ ಇರುವ ಅಂತರವನ್ನು ಯಾವ ಒರಟುತನವೂ ಮುಚ್ಚಲಾರದು.

ಸೀಟಿನ ಕೆಳಗಿನ ಬಾಟಲಿಗೂ ಡಿಕ್ಕಿಯ ಕೇಸಿಗೂ ನೇರ ಬಿಸಿಲು ಬೀಳುವುದಿಲ್ಲ. ಅವು 60 ಡಿಗ್ರಿ ಮುಟ್ಟಿದವು ಎಂದೇ ಇಟ್ಟುಕೊಂಡರೂ, ಅದೇ ಲೆಕ್ಕದಲ್ಲಿ ಮಿತಿ ದಾಟಲು ಮೂರು ವರ್ಷದ ಹತ್ತಿರ ಬೇಕು.

ಹಾಗಂತ ಲೆಕ್ಕ ಪೂರ್ತಿ ನೆಮ್ಮದಿ ಕೊಡುವುದಿಲ್ಲ. 70 ಡಿಗ್ರಿಗೆ ಹೋದರೆ 12 ದಿನ, ಅಂದರೆ 288 ಗಂಟೆ. ದಿನಕ್ಕೆ ನಾಲ್ಕು ಗಂಟೆಯಾದರೆ 72 ದಿನ. ಮುಂದಿನ ಗಾಜಿಗೆ ಒರಗಿಸಿಟ್ಟ ಬಾಟಲಿ ಇಡೀ ಬೇಸಿಗೆ ಅಲ್ಲೇ ಕೂತರೆ ಆ ಗೆರೆಯ ಹತ್ತಿರ ಹೋಗುವ ಸಾಧ್ಯತೆ ಇದೆ. ಆ ಬಾಟಲಿಯ ನೀರನ್ನು ಗಿಡಕ್ಕೆ ಹಾಕಿ.

2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೇ ಮಾತನ್ನು ಬೇರೆ ಕಡೆಯಿಂದ ಹೇಳಿತು. ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚೀನಾದಲ್ಲಿ ಮಾರುವ 16 ಬಗೆಯ ಬಾಟಲಿ ನೀರನ್ನು 70 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟರು. ಅಷ್ಟು ಕಾಯಿಸಿದ ಮೇಲೂ ಅಮೆರಿಕದ ಮಿತಿ ದಾಟಿದ್ದು ಒಂದೇ ಒಂದು.

ಕಾರಿಗಿಂತ ಅಂಗಡಿಯ ಮುಂದಿನ ಬಿಸಿಲು

ಒಂದು ಮಧ್ಯಾಹ್ನ ಚಿಕ್ಕದು, ತಿಂಗಳುಗಳು ದೊಡ್ಡವು. ಹಾಗಾದರೆ ನಾವು ಕೇಳಬೇಕಾದ್ದು ಬಾಟಲಿ ನಮ್ಮ ಕಾರಿಗೆ ಬರುವ ಮೊದಲು ಎಲ್ಲಿತ್ತು ಎಂದು.

ಹೆದ್ದಾರಿಯ ಪಕ್ಕದ ಅಂಗಡಿಗಳನ್ನು ನೋಡಿ. ನೀರಿನ ಕೇಸುಗಳು ಅಂಗಡಿಯ ಹೊರಗೆ, ಬಿಸಿಲಿಗೆ ಎದುರಾಗಿ, ಒಂದರ ಮೇಲೊಂದು ಪೇರಿಸಿರುತ್ತವೆ. ಅದಕ್ಕೂ ಮೊದಲು ಅವು ತಗಡಿನ ಶೀಟಿನ ಗೋಡೌನಿನಲ್ಲಿ ಇದ್ದಿರಬಹುದು, ಟಾರ್ಪಾಲ್ ಹೊದಿಸಿದ ಲಾರಿಯಲ್ಲಿ ಬಂದಿರಬಹುದು. ಹೆಚ್ಚಿನ ಲೇಬಲ್‌ಗಳ ಮೇಲೆ 'ತಂಪಾದ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿ' ಎಂದು ಬರೆದಿರುತ್ತದೆ. ಕೊಳ್ಳುವವರು ಅದನ್ನು ಓದುತ್ತಾರೋ ಇಲ್ಲವೋ, ಮಾರುವವರಂತೂ ಪಾಲಿಸುವುದು ಕಡಿಮೆ. ಹಾಗೆ ವಾರಗಟ್ಟಲೆ ಕಾದ ಬಾಟಲಿಯನ್ನು ಕೊನೆಯ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ನಮ್ಮ ಕೈಗೆ ತಣ್ಣಗೆ ಸಿಗುತ್ತದೆ. ಆ ತಂಪು ಹಿಂದಿನ ಕಥೆಯನ್ನು ಮರೆಮಾಡುತ್ತದೆ.

ಇಲ್ಲಿ ಬಾಟಲಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಮದುವೆ, ಸಭೆಗಳಲ್ಲಿ ಕೊಡುವ 200 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ ನೀರು ಕಡಿಮೆ, ಆದರೆ ನೀರಿಗೆ ತಾಗುವ ಗೋಡೆ ಆ ಪ್ರಮಾಣದಲ್ಲಿ ಕಡಿಮೆ ಇಲ್ಲ. ಲೀಟರ್ ಬಾಟಲಿಗೆ ಹೋಲಿಸಿದರೆ ಪ್ರತಿ ಗುಟುಕು ನೀರಿಗೂ ತಾಗುವ ಪ್ಲಾಸ್ಟಿಕ್ ಒಂದೂವರೆ ಪಟ್ಟಿಗಿಂತ ಜಾಸ್ತಿ. ಒಂದೇ ಗೋಡೌನಿನಲ್ಲಿ ಒಂದೇ ದಿನ ಇಟ್ಟರೂ ಚಿಕ್ಕ ಬಾಟಲಿಯ ನೀರಿಗೆ ಹೆಚ್ಚು ಇಳಿಯುತ್ತದೆ.

ಬಿಸಿಯಲ್ಲಿ ಕೂತ ಬಾಟಲಿಯನ್ನು ಗುರುತಿಸುವ ಒಂದು ದಾರಿ ಮೂಗು. ಮುಚ್ಚಳ ತೆಗೆದ ಕೂಡಲೇ ಒಂದು ಥರದ ಸಿಹಿ ಕಮಟು, ಪ್ಲಾಸ್ಟಿಕ್ ವಾಸನೆ ಬರುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಅಸಿಟಾಲ್ಡಿಹೈಡ್ ಎಂಬ ವಸ್ತು. ಪೆಟ್ ಕರಗಿಸಿ ಬಾಟಲಿ ಮಾಡುವಾಗ ಅದು ಹುಟ್ಟುತ್ತದೆ, ಬಿಸಿ ತಾಗಿದರೆ ನೀರಿಗೆ ಬರುತ್ತದೆ. ಅತಿ ಕಡಿಮೆ ಪ್ರಮಾಣದಲ್ಲೇ ನಾಲಿಗೆಗೂ ಮೂಗಿಗೂ ಗೊತ್ತಾಗಿಬಿಡುತ್ತದೆ. ಆ ಪ್ರಮಾಣದಲ್ಲಿ ಅದೇ ದೊಡ್ಡ ಅಪಾಯ ಅಲ್ಲ. ಆದರೆ ಈ ಬಾಟಲಿ ಬಿಸಿಯಲ್ಲಿ ಕೂತಿತ್ತು ಎಂದು ಅದು ಸಾಕ್ಷಿ ಹೇಳುತ್ತದೆ. ಆಂಟಿಮನಿಗೆ ಮಾತ್ರ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹಾಗಾಗಿ ವಾಸನೆ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಎಂದು ಅರ್ಥ ಅಲ್ಲ.

ಕಣಗಳ ಸುದ್ದಿ: ಇಲ್ಲಿ ಒಪ್ಪಂದ ಇಲ್ಲ

ಆಂಟಿಮನಿಗೆ ಮಿತಿ ಇದೆ, ಅಳತೆ ಇದೆ, ಲೆಕ್ಕ ಹಾಕಬಹುದು. ಪ್ಲಾಸ್ಟಿಕ್ ಕಣಗಳ ವಿಷಯದಲ್ಲಿ ಆ ಅನುಕೂಲ ಇಲ್ಲ. ಪರಿಣತರು ಬೇರೆಬೇರೆ ಮಾತಾಡುವುದು ಇಲ್ಲೇ.

ಕೊಲಂಬಿಯಾದ ವಿಜ್ಞಾನಿಗಳು ಎಣಿಸಿದ ಕಣಗಳಲ್ಲಿ ಸುಮಾರು ಶೇಕಡಾ 90ರಷ್ಟು ನ್ಯಾನೊ ಕಣಗಳು, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕವು. ಅಷ್ಟು ಚಿಕ್ಕ ಕಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಬಹುದು ಎಂಬುದು ಒಂದು ಕಡೆಯವರ ಆತಂಕ. ಹಾನಿ ಖಚಿತವಾಗುವವರೆಗೆ ಕಾಯಬಾರದು, ಈಗಲೇ ಕಡಿಮೆ ಮಾಡಬೇಕು ಎಂದು ಅವರು ಹೇಳುತ್ತಾರೆ. ಇನ್ನೊಂದು ಕಡೆಯವರ ಮಾತು: ಕಣ ಇದೆ ಎಂಬುದು ಒಂದು, ಕಣದಿಂದ ಕಾಯಿಲೆ ಬಂತು ಎಂಬುದು ಇನ್ನೊಂದು, ಎರಡನೆಯದಕ್ಕೆ ಇನ್ನೂ ಸಾಕಷ್ಟು ಪುರಾವೆ ಇಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಕೂಡ ಇದೇ ಧಾಟಿಯಲ್ಲಿತ್ತು, ಜೊತೆಗೆ ಹೆಚ್ಚಿನ ಸಂಶೋಧನೆ ಬೇಕು ಎಂದಿತ್ತು. ನೀರಿನ ಕಂಪನಿಗಳು ಈ ಎರಡನೆಯ ಮಾತನ್ನು ಹಿಡಿದುಕೊಳ್ಳುತ್ತವೆ, ಹಿಡಿದುಕೊಳ್ಳಲೂಬೇಕು, ಅದು ಅವರ ವ್ಯಾಪಾರ.

ಎರಡೂ ಕಡೆಯ ಮಾತಿನಲ್ಲಿ ಸತ್ಯ ಇದೆ. ಆದರೆ ಆ ಅಧ್ಯಯನದ ಒಂದು ವಿವರ ಹೆಚ್ಚಿನ ಸುದ್ದಿಗಳಲ್ಲಿ ಕಾಣಲಿಲ್ಲ. ಬಾಟಲಿಯ ಪೆಟ್‌ಗಿಂತ ಜಾಸ್ತಿ ಸಿಕ್ಕದ್ದು ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯ ಪ್ಲಾಸ್ಟಿಕ್. ಅದು ತುಂಬುವ ಮೊದಲು ನೀರು ಶುದ್ಧ ಮಾಡುವ ಆರ್‌ಓ ಪೊರೆಯಿಂದ ಬಂದಿರಬಹುದು ಎಂದು ವಿಜ್ಞಾನಿಗಳು ಹೇಳಿದರು. ಹಾಗಿದ್ದರೆ ಬಾಟಲಿಯನ್ನು ಕಾರಿನಲ್ಲಿ ಇಡಲಿ, ಫ್ರಿಜ್ಜಿನಲ್ಲಿ ಇಡಲಿ, ಆ ಪಾಲು ಮೊದಲೇ ಅಲ್ಲಿ ಇತ್ತು. ಬಾಟಲಿಯಿಂದ ಬರುವ ಪಾಲನ್ನು ಹೆಚ್ಚಿಸುವುದು ಹಿಂಡುವುದು, ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸುವುದು, ಬಿಸಿ ಮಾಡುವುದು. ಹಳೆಯ ಬಾಟಲಿಯನ್ನು ತಿಂಗಳುಗಟ್ಟಲೆ ಬಳಸುವ ಮನೆಗಳಲ್ಲಿ ಈ ಮೂರೂ ದಿನಾ ನಡೆಯುತ್ತವೆ.

ತೆರೆದ ಬಾಟಲಿಯದು ಬೇರೆಯೇ ಸಮಸ್ಯೆ

ಇಷ್ಟು ಹೊತ್ತು ಸೀಲ್ ಒಡೆಯದ ಬಾಟಲಿಯ ಮಾತಾಯಿತು. ಸೀಲ್ ಒಡೆದು, ಬಾಯಿ ಇಟ್ಟು ಕುಡಿದು, ಅರ್ಧ ಉಳಿಸಿ ಕಾರಿನಲ್ಲಿ ಬಿಟ್ಟ ಬಾಟಲಿಯಲ್ಲಿ ಪ್ಲಾಸ್ಟಿಕ್ಕಿಗಿಂತ ಮೊದಲು ಕೆಲಸ ಶುರು ಮಾಡುವುದು ಬ್ಯಾಕ್ಟೀರಿಯಾ.

ನಮ್ಮ ಹಿರಿಯರು ಎಂಜಲು ಅನ್ನುತ್ತಿದ್ದರಲ್ಲ, ಅದರ ವಿಜ್ಞಾನ ಇಲ್ಲಿದೆ. ತುಂಬಿದ ನೀರಿನಲ್ಲಿ ಬ್ಯಾಕ್ಟೀರಿಯಾಕ್ಕೆ ತಿನ್ನಲು ಹೆಚ್ಚೇನೂ ಇರುವುದಿಲ್ಲ. ಬಾಯಿ ತಾಗಿದ ಕೂಡಲೇ ಎರಡು ವಸ್ತು ಒಟ್ಟಿಗೆ ಒಳಗೆ ಹೋಗುತ್ತವೆ: ಬಾಯಲ್ಲಿರುವ ಬ್ಯಾಕ್ಟೀರಿಯಾ, ಮತ್ತು ಅವುಗಳಿಗೆ ಊಟವಾಗುವ ಜೊಲ್ಲು, ಅನ್ನದ ಅಗುಳಿನ ಚೂರು. ಬಿಸ್ಕತ್ತು ತಿಂದು ನೀರು ಕುಡಿದ ಮಗುವಿನ ಬಾಟಲಿ ಬೇಗ ಕೆಡುವುದು ಇದಕ್ಕೇ. ಆಮೇಲೆ ಬೇಕಾದದ್ದು ಬೆಚ್ಚಗಿನ ಜಾಗ. 30ರಿಂದ 40 ಡಿಗ್ರಿ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಹಿತ. ಕಾರಿನೊಳಗೆ ಬೆಳಗ್ಗೆ ಮತ್ತು ಸಂಜೆ ಇರುವ ಬಿಸಿ ಇದೇ. ನೆರಳಿನಲ್ಲಿ ನಿಂತ ಕಾರಿನಲ್ಲಿ ಇಡೀ ದಿನ ಇದೇ. ಹೀಗೆ ಪ್ಲಾಸ್ಟಿಕ್ ದೃಷ್ಟಿಯಿಂದ ಸುರಕ್ಷಿತವಾದ ನೆರಳಿನ ಕಾರು, ತೆರೆದ ಬಾಟಲಿಯ ದೃಷ್ಟಿಯಿಂದ ಒಳ್ಳೆಯ ಜಾಗ ಅಲ್ಲ.

ನಮ್ಮದೇ ಬಾಯಿಯ ಬ್ಯಾಕ್ಟೀರಿಯಾ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಂದೇ ಬಾಟಲಿಯಿಂದ ಮನೆಮಂದಿಯೆಲ್ಲ ಬಾಯಿಟ್ಟು ಕುಡಿದಾಗ, ಕೈ ತೊಳೆಯದೆ ಮುಚ್ಚಳ ಹಿಡಿದಾಗ ಕಥೆ ಬದಲಾಗುತ್ತದೆ. ಆಗ ಹೊಟ್ಟೆಯ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಹುದು. ಹಸುಗೂಸಿನ ಹಾಲಿನ ಪುಡಿ ಕಲಸಲು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕೊಡಲು ಇಂಥ ನೀರನ್ನು ಬಳಸಲೇಬಾರದು.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಬಾಟಲಿಯ ಕುತ್ತಿಗೆಯ ಒಳಗೆ ಬೆರಳಾಡಿಸಿ ನೋಡಿ. ಜಾರಿದರೆ, ಲೋಳೆ ಲೋಳೆ ಅನಿಸಿದರೆ ಅಲ್ಲಿ ಬ್ಯಾಕ್ಟೀರಿಯಾ ಪದರ ಕಟ್ಟಿವೆ. ಆ ಪದರ ಬರೀ ನೀರು ಅಲುಗಾಡಿಸಿ ಚೆಲ್ಲಿದರೆ ಹೋಗುವುದಿಲ್ಲ, ಬ್ರಷ್ ಮತ್ತು ಸೋಪು ಬೇಕು. ನೀರು ಮಬ್ಬಾಗುವವರೆಗೆ ಕಾಯಬೇಡಿ. ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಬಾಯಿಟ್ಟ ಬಾಟಲಿಯ ನೀರು ಅದೇ ದಿನಕ್ಕೆ ಮುಗಿಯಬೇಕು. ಎತ್ತಿ ಕುಡಿದರೆ ಈ ಸಮಸ್ಯೆಯ ದೊಡ್ಡ ಪಾಲು ಹುಟ್ಟುವುದೇ ಇಲ್ಲ.

ಅದೇ ಬಾಟಲಿ, ಅದೇ ಬಿಸಿಲು, ಬೇರೆ ಕಡೆ ಔಷಧ

ಇಲ್ಲಿ ಓದುಗರಿಗೆ ಗೊಂದಲ ತರುವ ಇನ್ನೊಂದು ಸಂಗತಿ ಇದೆ. ಶುದ್ಧ ನೀರು ಸಿಗದ ಎಷ್ಟೋ ದೇಶಗಳಲ್ಲಿ ಪೆಟ್ ಬಾಟಲಿಯಲ್ಲಿ ನೀರು ತುಂಬಿ ಬೇಕೆಂದೇ ಬಿಸಿಲಿಗೆ ಇಡುತ್ತಾರೆ. ಇದಕ್ಕೆ ಸೋಡಿಸ್ ಎಂದು ಹೆಸರು. ತಿಳಿ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ಆರು ಗಂಟೆ ಒಳ್ಳೆಯ ಬಿಸಿಲಿಗೆ, ಮೋಡವಿದ್ದರೆ ಎರಡು ದಿನ ಮಲಗಿಸಿ ಇಟ್ಟರೆ ಕಾಯಿಲೆ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಸ್ವಿಟ್ಜರ್ಲೆಂಡಿನ ಈವಾಗ್ ಎಂಬ ನೀರಿನ ಸಂಶೋಧನಾ ಸಂಸ್ಥೆ ಇದನ್ನು ಬೆಳೆಸಿತು, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಬಾಟಲಿಯಿಂದ ಏನಾದರೂ ಇಳಿಯುತ್ತದಾ ಎಂದು ಸ್ವಿಸ್ ವಿಜ್ಞಾನಿಗಳು 2008ರಲ್ಲಿ ಪರೀಕ್ಷಿಸಿದರು. ಪ್ಲಾಸ್ಟಿಕ್ ಮೆದುವಾಗಿಸುವ ರಾಸಾಯನಿಕಗಳು ಸಿಕ್ಕಿದ್ದು ಅಂಗಡಿಯ ಬಾಟಲಿ ನೀರಿನಲ್ಲಿ ಇರುವಷ್ಟೇ.

ಹಾಗಾದರೆ ಕಾರಿನಲ್ಲಿ ಬಿಟ್ಟ ನೀರೂ ಹೀಗೆ ಶುದ್ಧವಾಗುತ್ತದಾ? ಆ ಭರವಸೆ ಬೇಡ. ಸೋಡಿಸ್‌ನಲ್ಲಿ ಮುಖ್ಯ ಕೆಲಸ ಮಾಡುವುದು ಬಿಸಿಲಿನ ಅತಿನೇರಳೆ ಕಿರಣ, ಬಿಸಿ ಅದಕ್ಕೆ ಸಹಾಯ ಮಾಡುತ್ತದೆ. ಕಾರಿನ ಗಾಜು, ಅದರಲ್ಲೂ ಮುಂದಿನ ಗಾಜು, ಆ ಕಿರಣದ ಬಹುಪಾಲನ್ನು ತಡೆಯುತ್ತದೆ. ಬಿಸಿ ಒಳಗೆ ಉಳಿಯುತ್ತದೆ, ಔಷಧ ಹೊರಗೆ ಉಳಿಯುತ್ತದೆ.

ಇಪ್ಪತ್ತು ಲೀಟರಿನ ಕ್ಯಾನು, ಕಾಯಿಸಿದ ನೀರು

ಬೆಂಗಳೂರಿನ ಮನೆ, ಆಫೀಸುಗಳಲ್ಲಿ ದಿನಗಟ್ಟಲೆ ಇರುವುದು ಬಾಟಲಿಗಿಂತ ಜಾಸ್ತಿ ಕ್ಯಾನ್ ನೀರು. ಗಟ್ಟಿಯಾದ ನೀಲಿ ಕ್ಯಾನುಗಳಲ್ಲಿ ಹಲವು ಪಾಲಿಕಾರ್ಬೊನೇಟಿನವು, ತಳದಲ್ಲಿ 7 ಎಂದಿರುತ್ತದೆ. ಬಿಪಿಎ ಪ್ರಶ್ನೆ ಬರುವುದು ಈಗ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಪಿಎಯ ಸುರಕ್ಷಿತ ಪ್ರಮಾಣವನ್ನು ಇಪ್ಪತ್ತು ಸಾವಿರ ಪಟ್ಟು ಇಳಿಸಿತು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ತಂದಿತು. ನಮ್ಮಲ್ಲಿ ಹಾಲುಣಿಸುವ ಬಾಟಲಿಗಳಿಗೆ ಮೊದಲೇ ನಿಷೇಧ ಇದೆ.

ಬಿಪಿಎ ಕೂಡ ಬಿಸಿಗೆ ಹೆಚ್ಚು ಬಿಡುತ್ತದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2008ರಲ್ಲಿ ಪಾಲಿಕಾರ್ಬೊನೇಟ್ ಬಾಟಲಿಗೆ ಕುದಿಯುವ ನೀರು ಹಾಕಿ ನೋಡಿದರು. ಬಿಪಿಎ ಬಿಡುವ ವೇಗ 15ರಿಂದ 55 ಪಟ್ಟು ಹೆಚ್ಚಾಯಿತು. ಗೀರು ಬಿದ್ದು ಮಂಕಾದ ಹಳೆಯ ಕ್ಯಾನನ್ನು ತೆಗೆದುಕೊಳ್ಳಬೇಡಿ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಕ್ಯಾನು ಇಡಬೇಡಿ.

ಕನ್ನಡದ ಮನೆಗಳಲ್ಲಿ ಕಾರಿಗಿಂತ ಹೆಚ್ಚು ಗಮನ ಬೇಕಾದ ಅಭ್ಯಾಸ ಇನ್ನೊಂದಿದೆ. ಮಕ್ಕಳಿಗೆಂದು ನೀರು ಕಾಯಿಸಿ, ಆರುವ ಮೊದಲೇ ಹಳೆಯ ಬಾಟಲಿಗೆ ಸುರಿದುಬಿಡುತ್ತಾರೆ. ಎಂಬತ್ತು, ತೊಂಬತ್ತು ಡಿಗ್ರಿಯ ನೀರು ಅದು. ಕಲಬುರಗಿಯ ಡ್ಯಾಶ್‌ಬೋರ್ಡು ಕೂಡ ಅಷ್ಟು ಬಿಸಿಯಾಗುವುದಿಲ್ಲ. ಅರಿಜೋನಾದ ಲೆಕ್ಕ ಒಮ್ಮೆಲೇ ಓಡುವುದು ಇದೇ ಜಾಗದಲ್ಲಿ. ಒಂದು ಸಲ ಸುರಿದರೆ ಮಿತಿ ದಾಟುವುದಿಲ್ಲ, ನೀರು ಆರುತ್ತಾ ಹೋಗುತ್ತದೆ. ಆದರೆ ಇದು ದಿನಾ ನಡೆಯುತ್ತದೆ, ಕುಡಿಯುವುದು ಚಿಕ್ಕ ಮಕ್ಕಳು. ಕಾಯಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ, ಆಮೇಲೆ ಸ್ಟೀಲ್ ಬಾಟಲಿಗೆ ತುಂಬಿದರೆ ಈ ಪ್ರಶ್ನೆಯೇ ಬರುವುದಿಲ್ಲ.

ಭಯದಿಂದಲೂ ನಷ್ಟ ಇದೆ

ಹಳೆಯ ಸಂದೇಶವನ್ನು ನಂಬಿದವರು ಏನು ಮಾಡುತ್ತಾರೆ? ಕಾರಿನಲ್ಲಿ ಬಿಸಿಯಾದ, ಸೀಲ್ ಇರುವ ಬಾಟಲಿಯನ್ನು ಎಸೆಯುತ್ತಾರೆ, ಅಥವಾ ಕುಡಿಯದೆ ಬಾಯಾರಿಕೊಂಡು ಹೋಗುತ್ತಾರೆ. 42 ಡಿಗ್ರಿಯ ಊರಿನಲ್ಲಿ, ಮುಂದಿನ ನೀರು 40 ಕಿಲೋಮೀಟರ್ ದೂರ ಇರುವಾಗ, ಆ ಬಾಯಾರಿಕೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು. ವಯಸ್ಸಾದವರಿಗೆ, ಮಕ್ಕಳಿಗೆ ಇನ್ನೂ ಬೇಗ. ಒಂದು ಮಧ್ಯಾಹ್ನ ಕಾರಿನಲ್ಲಿದ್ದ ಸೀಲ್ ಬಾಟಲಿಯ ನೀರು ಬಿಸಿಯಾಗಿ, ರುಚಿಗೆಟ್ಟು ಇರಬಹುದು, ಆದರೆ ಕುಡಿಯಬಹುದು. ಲಾರಿ, ಟ್ಯಾಕ್ಸಿ ಓಡಿಸುವವರಿಗೆ ಈ ಮಾತು ತಲುಪಬೇಕು. ಅವರ ಬಳಿ ಬೇರೆ ನೀರು ಇರುವುದಿಲ್ಲ.

ಇನ್ನು ಆಡಳಿತದ ಕಡೆ. 'ಹೆಚ್ಚು ಅಪಾಯದ ಆಹಾರ' ಎಂದು ಸೇರಿಸಿದ್ದರಿಂದ ತುಂಬುವ ಘಟಕಗಳ ತಪಾಸಣೆ ಹೆಚ್ಚಬೇಕು. ಅದು ಒಳ್ಳೆಯದು, ಆದರೆ ಅದು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ: ತುಂಬುವಾಗ ನೀರು ಹೇಗಿತ್ತು? ಘಟಕದ ಬಾಗಿಲಲ್ಲಿ ತೆಗೆದ ಬಾಟಲಿಯಲ್ಲಿ ಆಂಟಿಮನಿ ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ ಇರುತ್ತದೆ, ಯಾಕೆಂದರೆ ಅದಕ್ಕೆ ಇಳಿಯಲು ಹೊತ್ತೂ ಸಿಕ್ಕಿಲ್ಲ, ಬಿಸಿಯೂ ಸಿಕ್ಕಿಲ್ಲ. ನಮಗೆ ಬೇಕಾದ ಅಳತೆ ಇನ್ನೊಂದು. ಫೆಬ್ರುವರಿಯಲ್ಲಿ ತಯಾರಾದ ಒಂದೇ ಬ್ಯಾಚಿನ ಬಾಟಲಿಗಳನ್ನು ಮೇ ಕೊನೆಯಲ್ಲಿ ರಾಯಚೂರು, ಕಲಬುರಗಿ, ಬಳ್ಳಾರಿಯ ಅಂಗಡಿಗಳ ಮುಂದಿನ ಬಿಸಿಲಿನಿಂದ ಎತ್ತಿಕೊಳ್ಳಬೇಕು. ಅದೇ ಬ್ಯಾಚಿನ ಬಾಟಲಿಗಳನ್ನು ತಂಪು ಕೋಣೆಯಿಂದಲೂ ತರಬೇಕು. ಲೀಟರಿನದನ್ನೂ 200 ಮಿಲಿಲೀಟರಿನದನ್ನೂ ಬೇರೆಬೇರೆ ಇಟ್ಟು, ಎರಡೂ ಕಡೆಯ ಆಂಟಿಮನಿಯನ್ನು ಪಕ್ಕಪಕ್ಕದಲ್ಲಿ ಅಳೆಯಬೇಕು.